ಒಂದೇ ಸುದ್ದಿ, ಮೂರು ದನಿ: ಯಾರಿಗೆ ಹೇಗೆ ಬರೆಯಬೇಕು?



ಈ ಸಲದ ಪಾಠ ಬರವಣಿಗೆಯದು. ನಮ್ಮಲ್ಲಿ ಬಹಳ ಜನ ಊರು ಬಿಟ್ಟು ಚೆನ್ನೈ, ಪುಣೆ, ಮುಂಬೈ, ಹೈದರಾಬಾದ್, ದೆಹಲಿ ಅಂತ ಇದ್ದೇವೆ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಸ್ನೇಹಿತರಿಗೆ ಕನ್ನಡದಲ್ಲಿ ಮೆಸೇಜ್ ಹಾಕುತ್ತೇವೆ. ಆದರೆ ಒಬ್ಬ ಹಿರಿಯರಿಗೆ ಕನ್ನಡದಲ್ಲೇ ನಾಲ್ಕು ಸಾಲು ಬರೆಯಬೇಕು ಅಂದರೆ ಕೈ ನಿಂತುಬಿಡುತ್ತದೆ. "ತಾವು" ಅನ್ನಬೇಕಾ, "ನೀವು" ಸಾಕಾ? "ಬನ್ನಿ" ಅಂದರೆ ಆಜ್ಞೆ ಮಾಡಿದ ಹಾಗಾಗುತ್ತಾ? ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲು ಹಾಕಿ ಮುಗಿಸುತ್ತೇವೆ.

ನಾನು ಐಟಿ ಸಪೋರ್ಟ್‌ನಲ್ಲಿ ಕೆಲಸ ಮಾಡುವವನು. ದಿನವಿಡೀ ಒಂದೇ ಸುದ್ದಿಯನ್ನು ಬೇರೆ ಬೇರೆ ಜನರಿಗೆ ಬರೆಯುವುದೇ ನನ್ನ ಕೆಲಸ. ಸರ್ವರ್ ನಿಂತಿದೆ ಎಂಬ ಒಂದೇ ಸುದ್ದಿ ಮ್ಯಾನೇಜರಿಗೆ ಒಂದು ರೀತಿ, ಎಲ್ಲ ಬಳಕೆದಾರರಿಗೆ ಒಂದು ರೀತಿ, ಪಕ್ಕದ ಸೀಟಿನವನಿಗೆ ಇನ್ನೊಂದು ರೀತಿ ಹೋಗುತ್ತದೆ. ಅದೇ ವಿದ್ಯೆಯನ್ನು ಕನ್ನಡಕ್ಕೆ ಹೊಂದಿಸಿ, ನಮಗೆಲ್ಲ ಗೊತ್ತಿರುವ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಮೊದಲು ಸಂಗತಿ, ಆಮೇಲೆ ದನಿ

ಚೆನ್ನೈನಿಂದ ಹೊರಡುವ ಒಂದು ತಂಡ ಅಂತ ಇಟ್ಟುಕೊಳ್ಳಿ. ಬಸ್ ಹೊರಡುವ ಸಮಯ ಬದಲಾಗಿದೆ. ಅದನ್ನು ಮೂವರಿಗೆ ತಿಳಿಸಬೇಕು: ಗುರುಸ್ವಾಮಿಯವರಿಗೆ, ಮೂವತ್ತು ಜನರಿರುವ ಗುಂಪಿಗೆ, ಮತ್ತು ನಿಮ್ಮ ರೂಮ್‌ಮೇಟ್‌ಗೆ.

ಬರೆಯುವ ಮೊದಲು ಸಂಗತಿಗಳನ್ನು ಒಂದು ಕಡೆ ಗುರುತು ಹಾಕಿಕೊಳ್ಳಿ. ಇಲ್ಲಿ ಇರುವುದು ನಾಲ್ಕೇ.

1. ಬಸ್ ಜನವರಿ 10, ಶನಿವಾರ ಬೆಳಿಗ್ಗೆ 5ಕ್ಕೆ ಅಲ್ಲ, ಜನವರಿ 9, ಶುಕ್ರವಾರ ರಾತ್ರಿ 11ಕ್ಕೆ ಹೊರಡುತ್ತದೆ.
2. ರಾತ್ರಿ 10:15ರೊಳಗೆ ಕೋಯಂಬೇಡು ಮೆಟ್ರೋ ನಿಲ್ದಾಣದ ಹೊರಗೆ ಸೇರಬೇಕು.
3. ಕಾರಣ: ತಡವಾಗಿ ಹೊರಟರೆ ಶನಿವಾರ ಸಂಜೆ ಬುಕ್ ಮಾಡಿರುವ ದರ್ಶನದ ಸಮಯ ತಪ್ಪಬಹುದು.
4. ಬರುವುದನ್ನು ಜನವರಿ 7, ಬುಧವಾರ ರಾತ್ರಿ 9ರೊಳಗೆ ತಿಳಿಸಬೇಕು.

ಗಮನಿಸಿ, ಬದಲಾಗಿರುವುದು ಗಂಟೆ ಮಾತ್ರವಲ್ಲ, ವಾರವೂ ಬದಲಾಗಿದೆ. ಇದನ್ನು ಸರಿಯಾಗಿ ಓದದವರು ಶನಿವಾರ ಬೆಳಗಿನ ಜಾವ ಇರುಮುಡಿ ಹೊತ್ತು ಬಂದರೆ ಬಸ್ ಇರುವುದಿಲ್ಲ. ಆದ್ದರಿಂದ ದನಿ ಯಾವುದೇ ಇರಲಿ, ಈ ನಾಲ್ಕರಲ್ಲಿ ಒಂದೂ ಬಿಟ್ಟುಹೋಗಬಾರದು, ಒಂದೂ ಮಸುಕಾಗಬಾರದು. ದನಿ ಬದಲಾಗಬಹುದು, ಸಂಗತಿ ಬದಲಾಗಬಾರದು. ಇದೇ ಮೊದಲ ನಿಯಮ.

ಗುರುಸ್ವಾಮಿಯವರಿಗೆ: ಔಪಚಾರಿಕ ದನಿ

> ಸ್ವಾಮಿ ಶರಣಂ. ಗುರುಸ್ವಾಮಿಯವರಿಗೆ ನಮಸ್ಕಾರಗಳು.
>
> ನಮ್ಮ ಬಸ್ಸು ಹೊರಡುವ ದಿನ ಮತ್ತು ಸಮಯ ಬದಲಾಗಿರುವುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಜನವರಿ 10, ಶನಿವಾರ ಬೆಳಿಗ್ಗೆ 5 ಗಂಟೆಯ ಬದಲು ಜನವರಿ 9, ಶುಕ್ರವಾರ ರಾತ್ರಿ 11 ಗಂಟೆಗೆ ಬಸ್ಸು ಹೊರಡಲಿದೆ. ಶನಿವಾರ ಸಂಜೆಯ ದರ್ಶನದ ಸಮಯ ತಪ್ಪದಿರಲೆಂದು ಈ ಬದಲಾವಣೆ ಮಾಡಿದ್ದೇವೆ.
>
> ತಾವು ಶುಕ್ರವಾರ ರಾತ್ರಿ 10:15ರೊಳಗೆ ಕೋಯಂಬೇಡು ಮೆಟ್ರೋ ನಿಲ್ದಾಣದ ಹೊರಗೆ ಬರಬೇಕಾಗಿ ವಿನಂತಿ. ತಾವು ಬರುವುದನ್ನು ಜನವರಿ 7, ಬುಧವಾರ ರಾತ್ರಿ 9ರೊಳಗೆ ತಿಳಿಸಿದರೆ ನಮಗೆ ಅನುಕೂಲವಾಗುತ್ತದೆ.

ಇಲ್ಲಿ ಏನೇನು ಕೆಲಸ ಮಾಡುತ್ತಿದೆ ನೋಡಿ. "ತಾವು" ಅಂತ ಶುರು ಮಾಡಿದ್ದೇವೆ, ಕೊನೆಯವರೆಗೂ ತಾವು, ತಮ್ಮ ಎಂದೇ ಇದೆ. ಕ್ರಿಯಾಪದಗಳು ಪೂರ್ತಿಯಾಗಿವೆ: "ಹೊರಡಲಿದೆ", "ತರುತ್ತಿದ್ದೇನೆ". "ಬನ್ನಿ" ಎಂಬ ಜಾಗದಲ್ಲಿ "ಬರಬೇಕಾಗಿ ವಿನಂತಿ" ಇದೆ. "ಬದಲಾವಣೆ ಮಾಡಿದ್ದೇವೆ" ಎಂದಿದೆ, "ಬದಲಾಯಿಸಲಾಗಿದೆ" ಎಂದಿಲ್ಲ. ಹಿರಿಯರಿಗೆ ಹೇಳುವಾಗ ತೀರ್ಮಾನ ಯಾರದು ಎಂದು ಗೊತ್ತಾಗಬೇಕು. "ಬದಲಾಯಿಸಲಾಗಿದೆ" ಅಂದರೆ ಯಾರು ಬದಲಾಯಿಸಿದರು ಎಂಬುದು ಮುಚ್ಚಿಹೋಗುತ್ತದೆ, ಕೇಳಿದವರಿಗೆ ಕಚೇರಿಯ ನೋಟೀಸು ಬಂದ ಹಾಗಾಗುತ್ತದೆ. ಕಾರಣವನ್ನು ಕೇಳಿಕೆಗಿಂತ ಮೊದಲು ಇಟ್ಟಿರುವುದೂ ಬೇಕೆಂದೇ. ಹಿರಿಯರಿಗೆ ಮೊದಲು ಏಕೆ ಎಂದು ಹೇಳಿ, ಆಮೇಲೆ ಏನು ಮಾಡಬೇಕು ಎಂದು ಕೇಳುವುದು ನಮ್ಮ ಕಡೆಯ ರೂಢಿ.

ಗುಂಪಿಗೆ: ಸಾಧಾರಣ ದನಿ

> ಬಸ್ ಹೊರಡುವ ದಿನ, ಸಮಯ ಎರಡೂ ಬದಲಾಗಿದೆ.
>
> ಹೊಸ ಸಮಯ: ಜನವರಿ 9, ಶುಕ್ರವಾರ ರಾತ್ರಿ 11 ಗಂಟೆ. ಮೊದಲು ಹೇಳಿದ್ದ ಶನಿವಾರ ಬೆಳಿಗ್ಗೆ 5 ಗಂಟೆ ಈಗ ಇಲ್ಲ.
>
> ಎಲ್ಲರೂ ಶುಕ್ರವಾರ ರಾತ್ರಿ 10:15ರೊಳಗೆ ಕೋಯಂಬೇಡು ಮೆಟ್ರೋ ನಿಲ್ದಾಣದ ಹೊರಗೆ ಸೇರಿ. ತಡವಾದರೆ ಶನಿವಾರ ಸಂಜೆಯ ದರ್ಶನದ ಸಮಯ ತಪ್ಪಬಹುದು, ಅದಕ್ಕೇ ಈ ಬದಲಾವಣೆ.
>
> ಬರುವವರು ಜನವರಿ 7, ಬುಧವಾರ ರಾತ್ರಿ 9ರೊಳಗೆ ಇಲ್ಲೇ ತಿಳಿಸಿ.

ಇದರಲ್ಲಿ ನೀವು, ತಾವು, ನೀನು ಯಾವುದೂ ಇಲ್ಲ. "ಎಲ್ಲರೂ ಸೇರಿ", "ಬರುವವರು ತಿಳಿಸಿ" ಅಂದರೆ ಸಾಕು, ಮರ್ಯಾದೆ ಆ "ಸೇರಿ", "ತಿಳಿಸಿ"ಯಲ್ಲೇ ಇದೆ. ಹಿರಿಯರು ಓದಿದರೂ ಒರಟು ಅನ್ನಿಸುವುದಿಲ್ಲ, ಹುಡುಗರು ಓದಿದರೂ ದೂರ ಅನ್ನಿಸುವುದಿಲ್ಲ. ಮುಂಬೈಯಲ್ಲೇ ಹುಟ್ಟಿ, ಕನ್ನಡ ಅಕ್ಷರ ನಿಧಾನವಾಗಿ ಓದುವವರಿಗೂ ಈ ವಾಕ್ಯಗಳು ದಕ್ಕುತ್ತವೆ, ಏಕೆಂದರೆ ಒಂದೊಂದು ವಾಕ್ಯದಲ್ಲಿ ಒಂದೇ ವಿಷಯ ಇದೆ.

ಮೊದಲ ಸಾಲನ್ನೂ ನೋಡಿ. ಫೋನಿನ ಪರದೆಯ ಮೇಲೆ ನೋಟಿಫಿಕೇಶನ್ ಬಂದಾಗ ಮೆಸೇಜಿನ ಶುರುವಿನ ಕೆಲವು ಪದಗಳು ಮಾತ್ರ ಕಾಣುತ್ತವೆ. ಅಲ್ಲಿ "ಎಲ್ಲ ಸದಸ್ಯರಿಗೂ ನಮಸ್ಕಾರಗಳು, ತಮ್ಮೆಲ್ಲರ ಗಮನಕ್ಕೆ" ಅಂತ ಇದ್ದರೆ ಮೂವತ್ತರಲ್ಲಿ ಕೆಲವರು ಆಮೇಲೆ ನೋಡೋಣ ಅಂತ ಬಿಟ್ಟುಬಿಡುತ್ತಾರೆ. "ಬಸ್ ಹೊರಡುವ ದಿನ" ಅಂತ ಕಂಡರೆ ತೆರೆದು ನೋಡುತ್ತಾರೆ. ಗುರುಸ್ವಾಮಿಯವರಿಗೆ ನಮಸ್ಕಾರ ಮೊದಲು ಬರಬೇಕು, ಗುಂಪಿಗೆ ಸುದ್ದಿ ಮೊದಲು ಬರಬೇಕು.

ರೂಮ್‌ಮೇಟ್‌ಗೆ: ಸಲುಗೆಯ ದನಿ

> ಲೋ, ಬಸ್ ಟೈಮ್ ಚೇಂಜ್ ಆಗಿದೆ ನೋಡು. ಶನಿವಾರ ಬೆಳಿಗ್ಗೆ 5ಕ್ಕಲ್ಲ, ಹಿಂದಿನ ರಾತ್ರೀನೇ. ಅಂದ್ರೆ ಜನವರಿ 9, ಶುಕ್ರವಾರ ರಾತ್ರಿ 11ಕ್ಕೆ ಹೊರಡತ್ತೆ. ಲೇಟಾದ್ರೆ ಶನಿವಾರ ಸಂಜೆ ದರ್ಶನದ ಟೈಮ್ ತಪ್ಪಿಹೋಗತ್ತೆ ಅಂತ ಹೀಗೆ ಮಾಡಿದ್ದು. 10:15ರೊಳಗೆ ಕೋಯಂಬೇಡು ಮೆಟ್ರೋ ಹೊರಗೆ ಬಂದ್ಬಿಡು. ಬರ್ತೀಯಾ ಇಲ್ವಾ ಅಂತ 7ನೇ ತಾರೀಖು ಬುಧವಾರ ರಾತ್ರಿ 9ರೊಳಗೆ ಹೇಳ್ಬಿಡು.

"ಹೊರಡುತ್ತದೆ" ಇಲ್ಲಿ "ಹೊರಡತ್ತೆ" ಆಗಿದೆ, "ಬಂದುಬಿಡು" "ಬಂದ್ಬಿಡು" ಆಗಿದೆ. ಬಾಯಲ್ಲಿ ಹೇಗೆ ಬರುತ್ತದೋ ಹಾಗೆ. "ದಯವಿಟ್ಟು" ಎಲ್ಲೂ ಇಲ್ಲ. ಹತ್ತಿರದವನಿಗೆ "ದಯವಿಟ್ಟು ಬಾ" ಅಂತ ಹಾಕಿದರೆ ಅವನು "ಏನಾಯ್ತೋ, ಕೋಪನಾ?" ಅಂತ ಕೇಳುತ್ತಾನೆ. ಕನ್ನಡದಲ್ಲಿ ವಿನಯವನ್ನು ಹೆಚ್ಚಾಗಿ ಹೊರುವುದು ಕ್ರಿಯಾಪದದ ಕೊನೆ. ಮಾತಿನಲ್ಲಿ ಕೇಳಿಕೆ ಮೃದುವಾಗಬೇಕಾದರೆ "ದಯವಿಟ್ಟು" ಬದಲು "ಸ್ವಲ್ಪ" ಬರುತ್ತದೆ: "ಸ್ವಲ್ಪ ನೋಡು", "ಸ್ವಲ್ಪ ಬೇಗ ಬಾ".

ಆದರೂ ತಾರೀಖು, ವಾರ, ಗಂಟೆ ಒಂದೂ ಬಿಟ್ಟಿಲ್ಲ ಎಂಬುದನ್ನು ನೋಡಿ. ಸಲುಗೆಯಲ್ಲಿ ಬರೆಯುವಾಗ ಜಾರುವುದೇ ಇಲ್ಲಿ. "ನಾಡಿದ್ದು ರಾತ್ರಿ ಹೊರಡತ್ತೆ, ಅದೇ ಜಾಗ" ಅಂತ ಹಾಕಿದರೆ ಸಲುಗೆ ಚೆನ್ನಾಗಿದೆ, ಸುದ್ದಿ ಕೆಟ್ಟಿದೆ. ಅವನು ಅದನ್ನು ಮಾರನೇ ದಿನ ಓದಿದರೆ "ನಾಡಿದ್ದು" ಒಂದು ದಿನ ಮುಂದೆ ಹೋಯಿತು. ಯಾರಿಗಾದರೂ ಫಾರ್ವರ್ಡ್ ಮಾಡಿದರೆ "ಅದೇ ಜಾಗ" ಎಂದರೆ ಯಾವುದು ಅಂತ ಅವರಿಗೆ ಗೊತ್ತಿಲ್ಲ.

ಮರ್ಯಾದೆ ಬೇರೆ, ಔಪಚಾರಿಕತೆ ಬೇರೆ

ಈ ಪಾಠದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಔಪಚಾರಿಕವಾಗಿ ಬರೆದರೆ ಮರ್ಯಾದೆ ಕೊಟ್ಟ ಹಾಗೆ, ಆಡುಮಾತಿನಲ್ಲಿ ಬರೆದರೆ ಮರ್ಯಾದೆ ಬಿಟ್ಟ ಹಾಗೆ ಅಂತ ನಾವು ತಿಳಿಯುತ್ತೇವೆ. ಕನ್ನಡದಲ್ಲಿ ಇವು ಎರಡು ಬೇರೆ ಬೇರೆ ಗುಂಡಿಗಳು. ಒಂದನ್ನು ತಿರುಗಿಸಿದರೆ ಇನ್ನೊಂದು ತಾನಾಗಿ ತಿರುಗುವುದಿಲ್ಲ.

ನಮ್ಮಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಮಾಲೆ ಹಾಕಿದ ಮೇಲೆ ನಿನ್ನೆಯವರೆಗೆ "ಲೋ" ಅನ್ನುತ್ತಿದ್ದ ಅದೇ ರೂಮ್‌ಮೇಟನ್ನು "ಸ್ವಾಮಿ" ಅನ್ನುತ್ತೇವೆ. ಆಗ ಮೇಲಿನ ಮೆಸೇಜಿನಲ್ಲಿ "ಲೋ", "ಬಂದ್ಬಿಡು" ಕೂಡುವುದಿಲ್ಲ. ಹಾಗಂತ ಅವನಿಗೆ "ತಾವು ಬರಬೇಕಾಗಿ ವಿನಂತಿ" ಅಂತಲೂ ಬರೆಯಬೇಕಾಗಿಲ್ಲ. ಹೀಗೆ ಬರೆದರೆ ಸಾಕು:

> ಸ್ವಾಮಿ, ಬಸ್ ಟೈಮ್ ಚೇಂಜ್ ಆಗಿದೆ ನೋಡಿ. ಜನವರಿ 9, ಶುಕ್ರವಾರ ರಾತ್ರಿ 11ಕ್ಕೇ ಹೊರಡತ್ತೆ. 10:15ರೊಳಗೆ ಕೋಯಂಬೇಡು ಮೆಟ್ರೋ ಹೊರಗೆ ಬಂದ್ಬಿಡಿ.

"ಹೊರಡತ್ತೆ", "ಚೇಂಜ್ ಆಗಿದೆ" ಹಾಗೇ ಉಳಿಯಿತು, ಅದು ಆಡುಮಾತು. "ನೋಡು" "ನೋಡಿ" ಆಯಿತು, "ಬಂದ್ಬಿಡು" "ಬಂದ್ಬಿಡಿ" ಆಯಿತು, ಅದು ಮರ್ಯಾದೆ. ಒಂದು ಗುಂಡಿ ಮಾತ್ರ ತಿರುಗಿಸಿದ್ದೇವೆ.

ಇದರ ಉಲ್ಟಾ ಉದಾಹರಣೆ ಸರಕಾರಿ ನೋಟೀಸು. "ಎಲ್ಲ ಸದಸ್ಯರು ರಾತ್ರಿ 10:15ಕ್ಕೆ ಹಾಜರಿರತಕ್ಕದ್ದು." ಇದು ಪೂರ್ತಿ ಔಪಚಾರಿಕ, ಆದರೆ ವಿನಯ ಇಲ್ಲ. "ತಕ್ಕದ್ದು" ಎಂಬುದು ನಿಯಮ ಹೇಳುವ ರೂಪ, ಅಧಿಕಾರ ಇರುವವರು ಬಳಸುವುದು. ತಂಡದ ಹುಡುಗನೊಬ್ಬ ಇದನ್ನು ಬರೆದರೆ ಗಂಭೀರವಾಗಿ ಕಾಣಲಿ ಅಂತಲೇ ಬರೆದಿರುತ್ತಾನೆ, ಓದಿದವರಿಗೆ ಮಾತ್ರ "ಇವನ್ಯಾರು ನಮಗೆ ಆಜ್ಞೆ ಮಾಡೋಕೆ" ಅನ್ನಿಸುತ್ತದೆ.

ಆರಿಸುವುದು ಹೇಗೆ?

ನನ್ನನ್ನೇ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಇವರು ಎದುರಿಗೆ ಸಿಕ್ಕರೆ ನಾನು ಏನಂತ ಕರೆಯುತ್ತೇನೆ? ಬಾಯಲ್ಲಿ "ಅಣ್ಣಾ, ಬನ್ನಿ" ಅನ್ನುವವರಿಗೆ ಬರವಣಿಗೆಯಲ್ಲಿ ಇದ್ದಕ್ಕಿದ್ದಂತೆ "ತಾವು ಆಗಮಿಸಬೇಕಾಗಿ" ಅಂದರೆ ಅವರು ದೂರ ತಳ್ಳಿದ ಹಾಗೆ ಅಂದುಕೊಳ್ಳುತ್ತಾರೆ. ಬಾಯಲ್ಲಿ ಇರುವ ಮರ್ಯಾದೆಗಿಂತ ಬರವಣಿಗೆಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಗಬಹುದು, ಎರಡು ಮೆಟ್ಟಿಲು ಬೇಡ. ಕೆಳಗಂತೂ ಇಳಿಯಬೇಡಿ.

ಎರಡನೆಯದು, ಇದನ್ನು ಇನ್ನು ಯಾರು ಓದುತ್ತಾರೆ? ಗುಂಪಿನಲ್ಲಿ ನಿಮ್ಮ ಸ್ನೇಹಿತರು ಇಪ್ಪತ್ತೈದು ಜನ ಇರಬಹುದು, ಗೊತ್ತಿಲ್ಲದ ಹಿರಿಯರು ಐವರು ಇರಬಹುದು. ಆಗ ದನಿಯನ್ನು ಆ ಐವರಲ್ಲಿ ನಿಮಗೆ ಅತಿ ದೂರದವರನ್ನು ನೋಡಿ ಆರಿಸಿ. ಹತ್ತಿರದವನಿಗೆ ಸಾಧಾರಣ ದನಿಯಿಂದ ಏನೂ ನಷ್ಟವಿಲ್ಲ. ದೂರದವರಿಗೆ ಸಲುಗೆಯ ದನಿ ಚುಚ್ಚುತ್ತದೆ.

ಮೂರನೆಯದು, ಅವರಿಗೆ ಬೇರೆ ದಾರಿ ಇದೆಯೇ? ವಿನಯಕ್ಕಾಗಿ ನಾವು ಅಪ್ಪಣೆಯನ್ನು ಪ್ರಶ್ನೆಯಾಗಿ ಬರೆಯುತ್ತೇವೆ: "10:15ಕ್ಕೆ ಬರಲು ತಮಗೆ ಸಾಧ್ಯವೇ?" ಕೇಳಲು ಚೆನ್ನಾಗಿದೆ. ಆದರೆ ಅವರು "10:45 ಆದೀತು" ಅಂತ ಉತ್ತರ ಕೊಟ್ಟರೆ? ಅವರದು ತಪ್ಪಲ್ಲ, ನೀವು ಕೇಳಿದ್ದೇ ಹಾಗೆ. ಸಮಯ ಬದಲಾಗುವ ಹಾಗಿಲ್ಲ ಅಂದರೆ ಪ್ರಶ್ನೆ ಬೇಡ, ವಿನಂತಿ ಇರಲಿ: "10:15ರೊಳಗೆ ಬರಬೇಕಾಗಿ ವಿನಂತಿ." ನಿಜವಾಗಿಯೂ ಅವರ ಅನುಕೂಲ ಕೇಳುತ್ತಿದ್ದರೆ ಮಾತ್ರ ಪ್ರಶ್ನೆ.

ಸಲುಗೆಯ ದನಿ ಊರಿಂದ ಊರಿಗೆ ಹೊಂದುವುದಿಲ್ಲ

ಹೊರರಾಜ್ಯದ ನಮ್ಮ ಗುಂಪುಗಳಲ್ಲಿ ಇದು ಬೇಗ ಗೊತ್ತಾಗುತ್ತದೆ, ಏಕೆಂದರೆ ಒಂದೇ ಗುಂಪಿನಲ್ಲಿ ಹುಬ್ಬಳ್ಳಿಯವನು, ಮಂಗಳೂರಿನವನು, ಮೈಸೂರಿನವನು ಮೂವರೂ ಇರುತ್ತಾರೆ. ಹುಬ್ಬಳ್ಳಿಯವನಿಗೆ "ಬಾರಲೇ" ಅಂದರೆ ಗೆಳೆತನ. ಅದನ್ನೇ ಮಂಗಳೂರಿನವನಿಗೆ ಹಾಕಿದರೆ ಬೈದ ಹಾಗೆ ಕೇಳಬಹುದು. ಬೆಂಗಳೂರಿನ ಹುಡುಗ ಗೆಳೆಯನನ್ನು "ಮಗಾ" ಅನ್ನುತ್ತಾನೆ, ಮಂಗಳೂರಿನವನು "ಮಾರಾಯ" ಅನ್ನುತ್ತಾನೆ. ಹುಬ್ಬಳ್ಳಿಯ "ಬರ್ರಿ" ಪೂರ್ತಿ ಮರ್ಯಾದೆಯ ಮಾತು, ರೂಢಿಯಿಲ್ಲದ ಕಿವಿಗೆ ಗಡಸಾಗಿ ಬೀಳಬಹುದು. ಯಾರದೂ ತಪ್ಪಲ್ಲ. ಆದ್ದರಿಂದ ಸಲುಗೆಯ ದನಿಯನ್ನು ಒಬ್ಬರಿಗೊಬ್ಬರು ಕಳಿಸುವ ಮೆಸೇಜಿಗೆ ಇಟ್ಟುಕೊಳ್ಳಿ. ಎಲ್ಲ ಊರಿನವರಿಗೂ ಒಂದೇ ಅರ್ಥ ಕೊಡುವುದು "ಬನ್ನಿ", "ತಿಳಿಸಿ", "ಸೇರಿ" ಎಂಬ ಸಾಧಾರಣ ರೂಪ.

ಒಂದು ಅಭ್ಯಾಸ

ಕೆಳಗಿನ ಮೆಸೇಜು ಗುರುಸ್ವಾಮಿಯವರಿಗೆ ಹೋಗಬೇಕು. ಇದರಲ್ಲಿ ನಾಲ್ಕು ತೊಂದರೆ ಇವೆ. ಮುಂದೆ ಓದುವ ಮೊದಲು ನೀವೇ ಹುಡುಕಿ.

> ನಮಸ್ಕಾರ ಸ್ವಾಮಿ. ಬಸ್ಸಿನ ಸಮಯವನ್ನು ಬದಲಾಯಿಸಲಾಗಿದೆ. ತಾವು ನಾಳೆ ರಾತ್ರಿ 10:15ಕ್ಕೆ ಬರ್ತೀರಾ? ನಿಮ್ಮ ಲಗೇಜನ್ನೂ ತನ್ನಿ.

ಒಂದು, "ನಾಳೆ". ತಾರೀಖೂ ಇಲ್ಲ, ವಾರವೂ ಇಲ್ಲ. ಎರಡು, "ತಾವು" ಅಂತ ಶುರುವಾಗಿ "ನಿಮ್ಮ" ಅಂತ ಮುಗಿದಿದೆ, ನಡುವೆ "ಬರ್ತೀರಾ" ಎಂಬ ಆಡುಮಾತು ಬಂದಿದೆ. ಇಂಥ ಬೆರಕೆ ಕಂಡರೆ ಓದುವವರಿಗೆ ಬರೆದವನು ಅವಸರದಲ್ಲಿ ಇದ್ದ ಅಂತ ಗೊತ್ತಾಗುತ್ತದೆ. ಮೂರು, ಬರಲೇಬೇಕಾದ ಸಮಯವನ್ನು ಪ್ರಶ್ನೆಯಾಗಿ ಕೇಳಿದ್ದಾರೆ. ನಾಲ್ಕು, "ಬದಲಾಯಿಸಲಾಗಿದೆ" ಎಂದಿದ್ದಾರೆ, ಯಾರು, ಏಕೆ ಎಂಬುದು ಇಲ್ಲ. ಎಲ್ಲಿಗೆ ಬರಬೇಕು ಎಂಬುದೂ ಇಲ್ಲ ಅಂತ ಐದನೆಯದನ್ನು ಹುಡುಕಿದ್ದರೆ ನೀವು ನನಗಿಂತ ಚುರುಕು.

ತಿದ್ದುವುದು ಸುಲಭ. ನಾಲ್ಕು ಸಂಗತಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಗುರುತು ಹಾಕುತ್ತಾ ಹೋಗಿ. ಆಮೇಲೆ ತಾವು, ತಮ್ಮ, ತಮಗೆ ಎಲ್ಲ ಕಡೆ ಒಂದೇ ಇದೆಯಾ ನೋಡಿ. ಕೊನೆಗೆ ಒಮ್ಮೆ ಗಟ್ಟಿಯಾಗಿ ಓದಿ. ಆ ಹಿರಿಯರ ಎದುರು ನಿಂತು ಈ ಮಾತನ್ನು ಹೀಗೇ ಹೇಳಲು ಬಾಯಿ ಬರುತ್ತದೆ ಅಂದರೆ ಕಳಿಸಿ. ತಡವರಿಸಿದರೆ, ತಡವರಿಸಿದ ಆ ಪದವನ್ನೇ ಬದಲಾಯಿಸಿ.

ನಿಮ್ಮ ತಂಡದಲ್ಲಿ ಈ ವಾರ ಹೋಗಬೇಕಾದ ಒಂದು ನಿಜವಾದ ಸುದ್ದಿಯನ್ನು ತೆಗೆದುಕೊಂಡು ಮೂರೂ ದನಿಯಲ್ಲಿ ಬರೆದು ಇಲ್ಲಿ ಹಾಕಿ, ಸೇರಿ ನೋಡೋಣ.

ಸ್ವಾಮಿ ಶರಣಂ.